ಬಾಗಿಲಿಗೆ ಮೊದಲು ತಕ್ಕಡಿ

ನಾನು ಬಡಗಿ ಕೆಲಸ ಕಲಿತಿದ್ದು ಶಿರಸಿಯಲ್ಲಿ, ನಮ್ಮ ಕಡೆಯ ಒಬ್ಬ ಆಚಾರ್ರ ಹತ್ತಿರ. ಅವರ ಅಂಗಡಿಗೆ ಹೊಸದಾಗಿ ಬಂದವರು ಉಳಿ, ಗರಗಸ, ಹತ್ತರಿ ಇವನ್ನೆಲ್ಲ ನೋಡಿ ಸುಮ್ಮನಿರುತ್ತಿದ್ದರು. ಆದರೆ ಬೆಂಚಿನ ಪಕ್ಕ ಇದ್ದ ಎರಡು ತಕ್ಕಡಿ ನೋಡಿ "ಇದೆಂತಕ್ಕೆ ಆಚಾರ್ರೇ?" ಅಂತ ಕೇಳದೆ ಇರುತ್ತಿರಲಿಲ್ಲ. ಒಂದು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ. ಇನ್ನೊಂದು ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಪುಟ್ಟದು. "ಮರ ಕುಡಿದ ನೀರು ತೂಗೋಕೆ" ಅನ್ನುತ್ತಿದ್ದರು ಆಚಾರ್ರು. ಬಂದವರು ತಮಾಷೆ ಅಂದುಕೊಂಡು ನಗುತ್ತಿದ್ದರು. ಆ ತಕ್ಕಡಿಗಳ ಕೆಲಸ ನನಗೆ ಪೂರ್ತಿ ಅರ್ಥವಾಗಿದ್ದು ವಿಜಯಪುರಕ್ಕೆ ಹೋಗಬೇಕಿದ್ದ ಒಂದು ಬಾಗಿಲಿನಿಂದ.

ಗಿರಾಕಿ ವಿಜಯಪುರದ ನಿವೃತ್ತ ಮೇಷ್ಟ್ರು. ಅವರ ಹೆಂಡತಿಯ ತವರು ಶಿರಸಿ. ಹಾಗಾಗಿ ಹೊಸ ಮನೆಯ ಹೆಬ್ಬಾಗಿಲು ಶಿರಸಿಯ ಸಾಗುವಾನಿಯಲ್ಲೇ ಆಗಬೇಕು ಅಂತ ಅಕ್ಕಾವರ ಹಟ. ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರ, ಒಂದೇ ಬಾಗಿಲು. ಆಷಾಢದ ಮಳೆಯಲ್ಲಿ ಬಂದು ಅಡ್ವಾನ್ಸ್ ಕೊಟ್ಟರು. ಗೃಹಪ್ರವೇಶ ಸಂಕ್ರಾಂತಿ ಕಳೆದ ಮೇಲೆ.

ಹೊರಡುವಾಗ ಮೇಷ್ಟ್ರು ಒಂದು ಮಾತು ಹೇಳಿದರು. "ನಮ್ಮ ಹಳೇ ಮನಿ ಬಾಗಲಾನೂ ಸಾಗವಾನಿನೇ ಇತ್ರಿ ಆಚಾರ್ರ. ಆದ್ರ ಬ್ಯಾಸಿಗಿ ಬಂತಂದ್ರ ಹಲಗಿ ಹಲಗಿ ನಡುವ ಬೆರಳ ಹೋಗುವಷ್ಟು ಸಂದಿ ಬಿಡ್ತಿತ್ತು."

ಆಚಾರ್ರು ತಲೆಯಾಡಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ತಮಾ, ಈ ಬಾಗಿಲು ಇಲ್ಲಿ ಹುಟ್ಟಿ ಅಲ್ಲಿ ಬದುಕಬೇಕು. ನಾಳೆ ಎಲ್ಲ ಹಲಗೆ ಕೆಳಗಿಳಿಸು" ಅಂದರು.

ನಮ್ಮಲ್ಲಿ ಆಗ ಎರಡು ಥರದ ಸಾಗುವಾನಿ ಇತ್ತು. ಒಂದು, ಅಂಗಡಿಯ ಅಟ್ಟದ ಮೇಲೆ ರೀಪು ಇಟ್ಟು ಒಂದರ ಮೇಲೊಂದು ಪೇರಿಸಿದ್ದ ಹಳೇ ಹಲಗೆ. ಅವು ಅಲ್ಲಿಗೆ ಹೋಗಿ ವರ್ಷಗಳೇ ಆಗಿದ್ದವು. ಇನ್ನೊಂದು, ಆ ಬೇಸಿಗೆಯಲ್ಲಿ ಒಂದು ಸಾಮಿಲ್‌ನಿಂದ ತಂದದ್ದು. "ಫುಲ್ ಡ್ರೈ, ನಾಳೆನೇ ಬಾಗಿಲು ಮಾಡಿ" ಅಂತ ಅಲ್ಲಿಯವರು ಹೇಳಿ ಕೊಟ್ಟಿದ್ದರು. ಮರ ಮಾರುವವರ ಬಾಯಲ್ಲಿ ಹಸಿ ಮರ ಅನ್ನೋದೇ ಇಲ್ಲ, ಅದು ಬೇರೆ ವಿಷಯ.

ಎಲ್ಲವನ್ನೂ ಇಳಿಸಿ ಗೋಡೆಗೆ ಒರಗಿಸಿದೆ. ಆಚಾರ್ರು ಹಲಗೆಯ ಮುಖ ನೋಡಲೇ ಇಲ್ಲ. ನೇರ ತುದಿಗೆ ಹೋದರು. ಸಾಮಿಲ್ ಗರಗಸದ ಗೀರು, ಧೂಳು ತುಂಬಿ ತುದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಚೂಪಾದ ಉಳಿಯಿಂದ ಎರಡು ಬೆರಳಗಲ ತೆಳ್ಳಗೆ ಕೆತ್ತಿ, ಒದ್ದೆ ಬಟ್ಟೆಯಿಂದ ಒರೆಸಿದರು. ಉಂಗುರಗಳು ಎದ್ದು ಕಂಡವು. ಸಾಗುವಾನಿಯಲ್ಲಿ ಇದು ಸುಲಭ. ಪ್ರತಿ ಉಂಗುರದ ಶುರುವಿನಲ್ಲಿ ದೊಡ್ಡ ದೊಡ್ಡ ತೂತುಗಳ ಸಾಲು ಇರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಹಲಸಿನಲ್ಲಿ ಇಷ್ಟು ಸ್ಪಷ್ಟ ಸಿಗುವುದಿಲ್ಲ.

"ಈ ಹಲಗೆ ಮರದ ಯಾವ ಜಾಗದಿಂದ ಬಂತು ಹೇಳು ನೋಡುವಾ?"

ನಾನು ತುದಿಯನ್ನೇ ನೋಡುತ್ತಾ ನಿಂತೆ. ಅವರು ಹಲಗೆಯನ್ನು ಸಿಮೆಂಟ್ ನೆಲದ ಮೇಲೆ ಅಂಚಿಗೆ ನಿಲ್ಲಿಸಿ ಕೈಗೆ ಸೀಮೆಸುಣ್ಣ ಕೊಟ್ಟರು. ತುದಿಯ ಆಕಾರವನ್ನು ನೆಲದ ಮೇಲೆ ಬರೆ. ಉಂಗುರದ ಗೆರೆ ಹೇಗೆ ಬಾಗಿದೆಯೋ ಹಾಗೇ ಎಳೆ. ಎಳೆದದ್ದನ್ನು ಹಲಗೆಯ ಆಚೆಗೂ ಮುಂದುವರಿಸು, ಸುತ್ತು ಪೂರ್ತಿಯಾಗುವವರೆಗೂ. ಹೀಗೆ ಮಾಡಿದಾಗ ನೆಲದ ಮೇಲೆ ಒಂದು ಮರದ ಅಡ್ಡ ಸೀಳು ಮೂಡಿತು. ಅದರ ನಡು ಎಲ್ಲಿ, ತೊಗಟೆ ಎಲ್ಲಿ, ನಮ್ಮ ಹಲಗೆ ಅದರಲ್ಲಿ ಎಲ್ಲಿ ಕೂತಿತ್ತು ಎಲ್ಲಾ ಗೊತ್ತಾಯಿತು. ಆ ದಿನ ಸಂಜೆಯವರೆಗೂ ನನಗೆ ಅದೇ ಕೆಲಸ. ಅಂಗಡಿಯ ನೆಲವೆಲ್ಲ ಸುತ್ತುಗಳು. ಚಹಾ ತಂದ ಹುಡುಗ ಅದನ್ನು ನೋಡಿ, ಯಾರದ್ದೋ ಮಾಟ ಅಂದುಕೊಂಡು ದಾಟಲೇ ಇಲ್ಲ.

ಮೂರು ಥರದ ಹಲಗೆ ಸಿಕ್ಕವು. ಕೆಲವದರ ತುದಿಯಲ್ಲಿ ಉಂಗುರ ಅಗಲಕ್ಕೆ ಮಲಗಿತ್ತು, ಅಂದರೆ ತೊಗಟೆ ಕಡೆಯಿಂದ ಚಪ್ಪಟೆಯಾಗಿ ಕೊಯ್ದದ್ದು. ಇನ್ನು ಕೆಲವದರಲ್ಲಿ ಉಂಗುರ ನೆಟ್ಟಗೆ ನಿಂತಿತ್ತು, ಅಂದರೆ ಮರದ ನಡುವಿನಿಂದ ತೊಗಟೆ ಕಡೆಗೆ ಹೋಗುವ ಹಾಗೆ ಕೊಯ್ದದ್ದು. ಉಳಿದವು ಓರೆ. ಎರಡು ಹಲಗೆಯಲ್ಲಿ ಮರದ ನಟ್ಟನಡುವೇ ಸೇರಿಕೊಂಡಿತ್ತು. ಅವನ್ನು ಆಚಾರ್ರು ಮುಟ್ಟಲೂ ಇಲ್ಲ. ನಡು ಸೇರಿದ ಹಲಗೆ ಒಣಗುವಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ, ಎಷ್ಟು ಹುಷಾರಾಗಿ ಒಣಗಿಸಿದರೂ. ಅಂಚಲ್ಲಿ ಬಿಳಿ ಇದ್ದದ್ದನ್ನು ಗೆರೆ ಹಾಕಿ ಕೊಯ್ದು ತೆಗೆಯಲು ಹೇಳಿದರು. ಸಾಗುವಾನಿಗೆ ಹುಳ ಹಿಡಿಯುವುದಿಲ್ಲ ಅನ್ನೋ ಮಾತು ಅದರ ಕಂದು ಕೆಚ್ಚಿಗೆ ಮಾತ್ರ. ಬಿಳಿಯನ್ನು ಗೆದ್ದಲು ಚೆನ್ನಾಗೇ ತಿನ್ನುತ್ತದೆ.

ಮಲಗಿದ ಉಂಗುರಕ್ಕೂ ನಿಂತ ಉಂಗುರಕ್ಕೂ ಏನು ವ್ಯತ್ಯಾಸ ಅಂತ ಅವರು ಬಾಯಲ್ಲಿ ಹೇಳಲಿಲ್ಲ. ಎರಡೂ ಥರದ ಹಲಗೆಯ ತುದಿಯಿಂದ ಒಂದೊಂದು ತೆಳು ಬಿಲ್ಲೆ ಕೊಯ್ದರು. ಪೇಪರ್ ಮೇಲಿಟ್ಟು ಅದರ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಹಾಕಿಸಿದರು. ಆಮೇಲೆ ಬಿಲ್ಲೆಗಳನ್ನು ಮನೆಯೊಳಗೆ ಒಲೆಯ ಕಟ್ಟೆಯ ಮೇಲೆ ಇಟ್ಟು ಬರಲು ಹೇಳಿದರು. ಮರುದಿನ ತಂದು ಅದೇ ಗೆರೆಯ ಮೇಲೆ ಕೂರಿಸಿದಾಗ ಮಲಗಿದ ಉಂಗುರದ ಬಿಲ್ಲೆ ಎರಡೂ ಕಡೆ ಗೆರೆ ಬಿಟ್ಟು ಒಳಗೆ ಸರಿದಿತ್ತು. ಅಷ್ಟೇ ಅಲ್ಲ, ಬಾಗಿತ್ತು. ಮರದ ನಡುವಿನ ಕಡೆಯ ಮುಖ ಉಬ್ಬಿ, ತೊಗಟೆ ಕಡೆಯ ಮುಖ ತಗ್ಗಾಗಿತ್ತು. ಬಾಗಿದ್ದ ಉಂಗುರಗಳು ಒಣಗಿದ ಹಾಗೆ ನೆಟ್ಟಗಾಗಲು ನೋಡುತ್ತವೆ ಅಂತ ನೆನಪಿಟ್ಟುಕೊಂಡರೆ ಯಾವ ಹಲಗೆ ಯಾವ ಕಡೆಗೆ ಬಾಗುತ್ತದೆ ಅಂತ ಮೊದಲೇ ಹೇಳಬಹುದು. ನಿಂತ ಉಂಗುರದ ಬಿಲ್ಲೆ ಬಾಗಿರಲಿಲ್ಲ. ಕುಗ್ಗಿದ್ದೂ ಅರ್ಧದಷ್ಟೇ.

ಮರದ ಗುಣವೇ ಅದು. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ಉಂಗುರದ ಗುಂಟ ಕುಗ್ಗುವುದು ಉಂಗುರಕ್ಕೆ ಅಡ್ಡ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ಸಾಗುವಾನಿ ಉಂಗುರದ ಗುಂಟ ನೂರಕ್ಕೆ 5ರಷ್ಟು, ಅಡ್ಡಕ್ಕೆ ನೂರಕ್ಕೆ ಎರಡೂವರೆಯಷ್ಟು ಕುಗ್ಗುತ್ತದೆ. ಬೇರೆ ಮರಗಳಿಗೆ ಹೋಲಿಸಿದರೆ ಇದು ಕಡಿಮೆಯೇ. ಸಾಗುವಾನಿಗೆ ಅಷ್ಟು ರೇಟು ಬರೋಕೆ ಇದೂ ಒಂದು ಕಾರಣ.

ಉಂಗುರ ಓದುವುದು ಒಂದು, ನಾರಿನ ಓಟ ಓದುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಹಲಗೆಯ ಮುಖದಲ್ಲಿ ಕಾಣುವ ಗೆರೆ ಉಂಗುರದ್ದು. ನಾರು ಅದರ ಜೊತೆಗೇ ಹೋಗಬೇಕು ಅಂತಿಲ್ಲ. ಬೆಳೆಯುವಾಗ ತಿರುಚಿಕೊಂಡ ಮರದಲ್ಲಿ ಗೆರೆ ನೆಟ್ಟಗಿದ್ದರೂ ನಾರು ಓರೆ ಓಡುತ್ತದೆ. ಅಂಥ ಹಲಗೆ ಒಣಗಿದ ಹಾಗೆ ತಾನೂ ತಿರುಚುತ್ತದೆ, ಒಂದು ಮೂಲೆ ಮೇಲೆ ಎದ್ದು ಬಾಗಿಲು ಚೌಕಟ್ಟಿಗೆ ಕೂರದ ಹಾಗೆ ಆಗುತ್ತದೆ.

ಅದನ್ನು ನೋಡಲು ಆಚಾರ್ರಿಗೆ ಮೂರು ದಾರಿ. ಕೊಯ್ದು ಉಳಿದ ತುಂಡು ಇದ್ದರೆ ತುದಿಗೆ ಉಳಿ ಇಟ್ಟು ಕೊಡತಿಯಿಂದ ಒಂದು ಪೆಟ್ಟು. ಸೀಳು ನಾರಿನ ಜೊತೆಗೇ ಓಡುತ್ತದೆ, ಅದು ಸುಳ್ಳು ಹೇಳುವುದಿಲ್ಲ. ತುಂಡು ಇಲ್ಲದಿದ್ದರೆ ಹತ್ತರಿ ಹೊಡೆದ ಜಾಗದಲ್ಲಿ ಪೆನ್ನಿನ ಶಾಯಿಯ ಒಂದು ಹನಿ. ಶಾಯಿ ನಾರಿನ ಗುಂಟ ಎರಡೂ ಕಡೆ ಎಳೆದುಕೊಂಡು ಹೋಗುತ್ತದೆ. ಆ ಗೆರೆಯನ್ನು ಮೂಲೆಮಟ್ಟ ಇಟ್ಟು ಹಲಗೆಯ ಅಂಚಿನ ಜೊತೆ ಹೋಲಿಸಿದರೆ ಓರೆ ಎಷ್ಟು ಅಂತ ತಿಳಿಯುತ್ತದೆ. ಒಂದು ಅಡಿ ಉದ್ದಕ್ಕೆ ಒಂದು ಇಂಚು ಓರೆ ಇದ್ದರೆ ಅದು ಬಾಗಿಲಿನ ನಿಲುವು ಪಟ್ಟಿಗೆ ಬೇಡ ಅನ್ನೋದು ಅವರ ಲೆಕ್ಕ. ಅಡ್ಡ ಪಟ್ಟಿಗೂ ಬೇಡ. ಚಿಕ್ಕ ತುಂಡು ಮಾಡಿ ಬೇರೆ ಏನಕ್ಕಾದರೂ ಬಳಸು.

ಮೂರನೆಯದು ಅಂಗೈ. ಗರಗಸದಿಂದ ಬಂದ ಹಲಗೆಯ ಮೇಲೆ ಕೈಯಾಡಿಸಿದರೆ ಬೆಕ್ಕಿನ ಮೈ ಸವರಿದ ಹಾಗೆ, ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ತಡೆ. ನುಣ್ಣಗೆ ಹೋದ ದಿಕ್ಕಿಗೆ ಹತ್ತರಿ ಹೊಡೆಯಬೇಕು. ಎದುರು ಹೊಡೆದರೆ ನಾರು ಕಿತ್ತು ಬರುತ್ತದೆ. ನಾನು ಕೈಯಾಡಿಸಿ ಬಾಣದ ಗುರುತು ಹಾಕಬೇಕಿತ್ತು, ಅವರು ಹತ್ತರಿ ಹೊಡೆದು ನೋಡುತ್ತಿದ್ದರು. ಒಂದು ಹಲಗೆಯ ನಡುವೆ ಬಾಣ ತಿರುಗಿತು. ಮೇಲಿನ ಅರ್ಧಕ್ಕೆ ಒಂದು ದಿಕ್ಕು, ಕೆಳಗಿನ ಅರ್ಧಕ್ಕೆ ಇನ್ನೊಂದು. "ಅಲ್ಲಿ ಒಂದು ಕೊಂಬೆ ಇತ್ತು. ಗಂಟು ಪಕ್ಕದ ಹಲಗೆಗೆ ಹೋಯ್ತು, ನಾರು ಇಲ್ಲಿ ಸುತ್ತು ಹಾಕಿ ಬಂದಿದೆ" ಅಂದರು ಆಚಾರ್ರು. ಗಂಟೇ ಇಲ್ಲದ ಹಲಗೆಯಲ್ಲಿ ಗಂಟನ್ನು ಓದುವುದು ನೋಡಿ ನನಗೆ ಖುಷಿಯಾಯಿತು.

ಇಷ್ಟಾದ ಮೇಲೆ ಹಲಗೆ ಹಂಚಿದೆವು. ಕೀಲು ಹೊರುವ ನಿಲುವು ಪಟ್ಟಿಗೆ ಉಂಗುರ ನಿಂತ, ನಾರು ನೆಟ್ಟಗಿರುವ ಹಲಗೆ. ಬೀಗದ ಕಡೆಯ ಪಟ್ಟಿಗೂ ಅಂಥದ್ದೇ. ನಾಲ್ಕು ಪ್ಯಾನೆಲ್‌ಗೆ ಉಂಗುರ ಮಲಗಿದವು, ಯಾಕೆಂದರೆ ಗೋಪುರದಂಥ ಚೆಂದದ ಗೆರೆ ಬರುವುದು ಅವುಗಳಲ್ಲೇ, ಮತ್ತು ಪ್ಯಾನೆಲ್‌ಗೆ ಕುಗ್ಗಲು ಜಾಗ ಇಡಬಹುದು. ಪಟ್ಟಿಗೆ ಅಂಥ ಜಾಗ ಇಡಲು ಬರುವುದಿಲ್ಲ.

ಇನ್ನು ನೀರಿನ ವಿಷಯ.

ಹಳಬರು ಕೆನ್ನೆಗೆ ಹಲಗೆ ತಾಗಿಸಿ ನೋಡುತ್ತಿದ್ದರು. ಹಸಿ ಇದ್ದರೆ ತಣ್ಣಗೆ. ಬೆರಳ ಗಿಣ್ಣಿನಿಂದ ತಟ್ಟಿದರೆ ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ಗರಗಸದ ಹುಡಿ ಮುಷ್ಟಿಯಲ್ಲಿ ಹಿಡಿದರೆ ಹಸಿ ಮರದ್ದು ಉಂಡೆ ಕಟ್ಟುತ್ತದೆ. ಆಚಾರ್ರು ಇವನ್ನೆಲ್ಲ ಮಾಡಿ ತೋರಿಸಿದರು. ಆದರೆ ಪೂರ್ತಿ ನಂಬಲಿಲ್ಲ. ತೀರಾ ಹಸಿ ಯಾವುದು ಅಂತ ಬೇರೆ ಮಾಡೋಕೆ ಇವು ಸಾಕು. ನೀರು ನೂರಕ್ಕೆ 12 ಇರುವುದು ಯಾವುದು, 18 ಇರುವುದು ಯಾವುದು ಅಂತ ಕೆನ್ನೆಗೆ ಗೊತ್ತಾಗುವುದಿಲ್ಲ.

ಎರಡು ಮುಳ್ಳಿನ ಮೀಟರ್ ಇತ್ತು. ಮುಳ್ಳು ಚುಚ್ಚಿದರೆ ನಡುವಿನ ಮರದಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ನೋಡಿ ನೀರಿನ ಅಂಶ ತೋರಿಸುತ್ತದೆ. ಸಾಮಿಲ್‌ನಿಂದ ತಂದ ಹಲಗೆಯ ಮುಖಕ್ಕೆ ಚುಚ್ಚಿದೆ, 15 ತೋರಿಸಿತು. ಆಚಾರ್ರು ಅದೇ ಹಲಗೆಯನ್ನು ತುದಿಯಿಂದ ಒಂದೂವರೆ ಅಡಿ ಒಳಗೆ ಅಡ್ಡ ಕೊಯ್ದು, ಹೊಸದಾಗಿ ತೆರೆದ ಮುಖದ ನಟ್ಟನಡುವೆ ಚುಚ್ಚಲು ಹೇಳಿದರು. 19. ಹೊರಗೆ ಒಂದು, ಒಳಗೆ ಒಂದು. ಹಲಗೆ ಹೊರಗಿನಿಂದ ಒಣಗುತ್ತಾ ಹೋಗುತ್ತದೆ, ತುದಿಯಂತೂ ಬೇಗ ಒಣಗುತ್ತದೆ. ತುದಿಗೆ ಚುಚ್ಚಿ ತೋರಿಸಿ ಮರ ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಮೀಟರ್‌ಗೂ ಸಾಕ್ಷಿ ಬೇಕು ಅಂತ ತಕ್ಕಡಿ. ಕೊಯ್ದ ಮುಖದಿಂದ ಒಂದು ಇಂಚು ದಪ್ಪದ ಬಿಲ್ಲೆ ತೆಗೆದು, ಸಣ್ಣ ಚೂರುಗಳನ್ನು ಒರೆಸಿ, ತಕ್ಷಣ ಅಕ್ಕಸಾಲಿ ತಕ್ಕಡಿಯಲ್ಲಿ ಇಟ್ಟೆವು. ತಡಮಾಡಿದರೆ ಗಾಳಿಗೆ ತೂಕ ಬದಲಾಗುತ್ತದೆ. 112.1 ಗ್ರಾಂ. ಆಮೇಲೆ ಕೇಕ್ ಸುಡುವ ಸಣ್ಣ ಕರೆಂಟ್ ಓವನ್‌ನಲ್ಲಿ 103 ಡಿಗ್ರಿಯ ಹತ್ತಿರ ಇಟ್ಟೆವು. ಜಾಸ್ತಿ ಕಾವು ಕೊಟ್ಟರೆ ಮರವೇ ಸುಟ್ಟು ಲೆಕ್ಕ ಕೆಡುತ್ತದೆ. ಆಗಾಗ ತೆಗೆದು ತೂಗುವುದು, ಮತ್ತೆ ಇಡುವುದು. ಒಂದು ಹಂತದಲ್ಲಿ ತೂಕ ಇಳಿಯುವುದು ನಿಂತಿತು. 95 ಗ್ರಾಂ. ಇನ್ನು ಅದರಲ್ಲಿ ನೀರಿಲ್ಲ.

ಹೋದ ನೀರು 17.1 ಗ್ರಾಂ. ಅದನ್ನು ಒಣಗಿದ ತೂಕವಾದ 95ರಿಂದ ಭಾಗಿಸಿದರೆ 0.18. ಅಂದರೆ ನೂರಕ್ಕೆ 18. ಹಸಿ ತೂಕದಿಂದ ಭಾಗಿಸಬಾರದು, ಒಣ ತೂಕದಿಂದಲೇ ಭಾಗಿಸಬೇಕು. ಹಾಗಾಗಿಯೇ ಆಗಷ್ಟೇ ಕಡಿದ ಮರದಲ್ಲಿ ಕೆಲವೊಮ್ಮೆ ನೂರಕ್ಕೆ ನೂರು ನೀರು ಅಂತ ಬರುತ್ತದೆ. ಮರದಷ್ಟೇ ತೂಕದ ನೀರು ಇದೆ ಅಂತ ಅರ್ಥ.

ನನಗೆ ಆಶ್ಚರ್ಯವಾಗಿದ್ದು ಹಳೇ ಹಲಗೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ, ಟಣ್ ಅನ್ನುವ ಹಲಗೆ. ಅದರಿಂದಲೂ ಬಿಲ್ಲೆ ತೆಗೆದು ಅದೇ ಲೆಕ್ಕ ಹಾಕಿದೆವು. ಬಂದದ್ದು 16.

"ಇಷ್ಟು ವರ್ಷ ಒಣಗಿದ್ದಲ್ವಾ ಆಚಾರ್ರೇ?"

"ಒಣಗಿತ್ತು. ಈಗ ಮತ್ತೆ ಕುಡಿದಿದೆ. ಹೊರಗೆ ನೋಡು, ಎಂತ ಬೀಳ್ತಾ ಉಂಟು?"

ಹೊರಗೆ ಎರಡು ವಾರದಿಂದ ಬಿಡದ ಮಳೆ. ಮರ ಒಂದು ಸಲ ಒಣಗಿದರೆ ಮುಗಿಯಿತು ಅಂತಲ್ಲ. ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವ ಇದೆಯೋ ಅದಕ್ಕೆ ತಕ್ಕ ಹಾಗೆ ನೀರು ಬಿಡುತ್ತದೆ, ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ನೂರಕ್ಕೆ 65ರ ಹತ್ತಿರ ಇದ್ದರೆ ಮರ 12ಕ್ಕೆ ಬಂದು ನಿಲ್ಲುತ್ತದೆ. 90ರ ಹತ್ತಿರ ಇದ್ದರೆ 20ರ ಹತ್ತಿರ. ಅಂದರೆ ಶಿರಸಿಯ ಮಳೆಗಾಲದಲ್ಲಿ ತೆರೆದ ಶೆಡ್‌ನಲ್ಲಿಟ್ಟ ಹಲಗೆ ಎಷ್ಟು ಹಳೇದಾದರೂ 12ಕ್ಕೆ ಇಳಿಯುವುದಿಲ್ಲ. ಹಳೇ ಮರ, ಹೊಸ ಮರ ಎರಡೂ ಸೇರಬೇಕಾದ ಜಾಗ ಒಂದೇ, ಹಳೇದು ಅಲ್ಲಿಗೆ ಕೆಳಗಿನಿಂದ ಬರುತ್ತದೆ, ಹೊಸದು ಮೇಲಿನಿಂದ.

ಹಾಗಿದ್ದರೆ ಹಳೇ ಮರಕ್ಕೆ ಬೆಲೆ ಏನು ಅಂತ ಕೇಳಿದೆ. ತಿರುಚುವುದು, ಸೀಳುವುದು ಎಲ್ಲ ಮೊದಲ ಸಲ ಒಣಗುವಾಗ ಆಗಿ ಹೋಗಿರುತ್ತದೆ, ಅಂಥದ್ದನ್ನು ನಾವು ಆಗಲೇ ಆರಿಸಿ ತೆಗೆದಿರುತ್ತೇವೆ ಅಂದರು. ಕುಗ್ಗುವುದು ಹಿಗ್ಗುವುದು ಮಾತ್ರ ಅದು ಇರುವವರೆಗೂ ಇದ್ದದ್ದೇ.

ಈಗ ವಿಜಯಪುರ. ಅಲ್ಲಿಯ ಬೇಸಿಗೆಯ ಗಾಳಿಯಲ್ಲಿ ಬಾಗಿಲು 8ರ ಆಸುಪಾಸಿಗೆ ಇಳಿಯುತ್ತದೆ ಅಂತ ಆಚಾರ್ರ ಅಂದಾಜು. ಶಿರಸಿಯಲ್ಲಿ 16 ಇರುವಾಗ ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಮೂರೂವರೆ ಅಡಿಯ ಬಾಗಿಲು ಮಾಡಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿಸಿದರು. ಉಂಗುರ ಮಲಗಿದ ಸಾಗುವಾನಿ ನೀರು ಒಂದು ಅಂಶ, ಅಂದರೆ 16ರಿಂದ 15ಕ್ಕೆ, ಇಳಿದರೆ ಅಗಲದಲ್ಲಿ ನೂರಕ್ಕೆ ಸುಮಾರು 0.19 ಕುಗ್ಗುತ್ತದೆ. ಎಂಟು ಅಂಶಕ್ಕೆ ಒಂದೂವರೆ. 42 ಇಂಚಿನ ಬಾಗಿಲಿಗೆ ಸುಮಾರು ಐದು ನೂಲು, ಅಂದರೆ 16 ಮಿಲಿಮೀಟರ್. ಮೇಷ್ಟ್ರ ಹಳೇ ಬಾಗಿಲಿನ ಸಂದಿ ಎಲ್ಲಿಂದ ಬಂತು ಅಂತ ಅಲ್ಲಿಗೆ ಗೊತ್ತಾಯಿತು.

ಪಟ್ಟಿ ಮತ್ತು ಪ್ಯಾನೆಲ್‌ನ ಬಾಗಿಲಲ್ಲಿ ಲೆಕ್ಕ ಬೇರೆ. ಬಾಗಿಲಿನ ಅಗಲದ ಬಹುಪಾಲು ಅಡ್ಡ ಪಟ್ಟಿಯ ಉದ್ದ, ಮರ ಉದ್ದಕ್ಕೆ ಕುಗ್ಗುವುದಿಲ್ಲ. ಅಗಲಕ್ಕೆ ಕುಗ್ಗುವುದು ಎರಡು ನಿಲುವು ಪಟ್ಟಿ ಮಾತ್ರ, ಆರಾರು ಇಂಚು. ಅದೂ ಉಂಗುರ ನಿಂತದ್ದಾದರೆ ಎಂಟು ಅಂಶ ಇಳಿದರೂ ಇಡೀ ಬಾಗಿಲು ಎರಡೂವರೆ ಮಿಲಿಮೀಟರ್ ದಾಟುವುದಿಲ್ಲ. ಪ್ಯಾನೆಲ್‌ಗಳು ಗ್ರೂವ್ ಒಳಗೆ ತಮ್ಮ ಪಾಡಿಗೆ ಹಿಗ್ಗಿ ಕುಗ್ಗುತ್ತಿರುತ್ತವೆ.

ಆದರೂ 18ರ ಹಲಗೆಯಲ್ಲಿ ಕಚ್ಚು ಕೊಡಲು ಆಚಾರ್ರು ಒಪ್ಪಲಿಲ್ಲ. ಪಟ್ಟಿಯ ತೂತಿಗೆ ಇನ್ನೊಂದು ಪಟ್ಟಿಯ ನಾಲಿಗೆ ಬಿಗಿಯಾಗಿ ಕೂರಿಸಿದರೂ, ಒಣಗಿದ ಮೇಲೆ ನಾಲಿಗೆ ತೆಳುವಾಗಿ ಸಡಿಲವಾಗುತ್ತದೆ. ಬಾಗಿಲು ನಿಧಾನಕ್ಕೆ ಬೀಗದ ಕಡೆಗೆ ಜಗ್ಗುತ್ತದೆ. ಹಾಗಾಗಿ ಅವರು ಹೇಳಿದ್ದು ಇಷ್ಟು: ಎಲ್ಲ ಹಲಗೆಯನ್ನು ಬೇಕಾದ ಅಳತೆಗಿಂತ ಸ್ವಲ್ಪ ದೊಡ್ಡದಾಗೇ ಕೊಯ್ದು, ಹಾಗೇ ವಿಜಯಪುರಕ್ಕೆ ಕಳಿಸುವುದು. ಅಲ್ಲಿಯ ಗಾಳಿಯಲ್ಲಿ ಅದು ಕೂರಲಿ, ಬಾಗಿಲು ಅಲ್ಲೇ ಮಾಡೋಣ.

ಮೇಷ್ಟ್ರಿಗೆ ಫೋನ್‌ನಲ್ಲಿ ಇದನ್ನು ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ. "ಬಾಗಲಾ ಕೇಳಿದ್ರ ಕಟ್ಟಿಗಿ ಕಳಸ್ತೀರೇನ್ರಿ?" ಅಂದರು. ಆಚಾರ್ರು ಬೇಸರ ಮಾಡಿಕೊಳ್ಳದೆ ಐದು ನೂಲಿನ ಲೆಕ್ಕ ಬಿಡಿಸಿ ಹೇಳಿದರು. ಮೇಷ್ಟ್ರು ಗಣಿತ ಕಲಿಸಿದವರು. ಲೆಕ್ಕ ಕೇಳಿದ ಮೇಲೆ ಅವರಿಗೇ ಆಸಕ್ತಿ ಬಂತು.

ಹಲಗೆಗಳ ತುದಿಗೆ ಪೇಂಟ್ ಬಳಿದೆವು, ತುದಿ ಬೇಗ ಒಣಗಿ ಸೀಳು ಬಿಡಬಾರದು ಅಂತ. ಕಳಿಸುವ ಮೊದಲು ಕೀಲಿನ ಪಟ್ಟಿಯ ಹಲಗೆಯನ್ನು ದೊಡ್ಡ ತಕ್ಕಡಿಯಲ್ಲಿ ತೂಗಿದೆವು. 9.44 ಕೆ.ಜಿ. ಇದರಲ್ಲಿ ನೀರು ನೂರಕ್ಕೆ 18 ಅಂತ ನಮಗೆ ಗೊತ್ತು. 9.44ನ್ನು 1.18ರಿಂದ ಭಾಗಿಸಿದರೆ 8. ಅಂದರೆ ಬರೀ ಮರದ ತೂಕ 8 ಕೆ.ಜಿ. ಬಾಗಿಲು ಮಾಡಬೇಕಾದದ್ದು ಬೇಸಿಗೆಯ 8ಕ್ಕೂ ಮಳೆಗಾಲದ 16ಕ್ಕೂ ನಡುವಿನ 12ರಲ್ಲಿ. ಹಲಗೆ 12ಕ್ಕೆ ಬಂದಾಗ ಅದರ ತೂಕ 8ನ್ನು 1.12ರಿಂದ ಗುಣಿಸಿ 8.96 ಆಗಬೇಕು. ಆಚಾರ್ರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ 8.96 ಅಂತ ಬರೆದರು. ಒಂದೇ ಹಲಗೆಯಿಂದ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಹೋಗಬೇಕು. ಇನ್ನು ಓವನ್ ಬೇಡ, ಮೀಟರ್ ಬೇಡ. ಈ ಒಂದು ಹಲಗೆ ತೂಗುತ್ತಿದ್ದರೆ ಅದರ ಜೊತೆಗೆ ಕೊಯ್ದ ಹಲಗೆಗಳ ಕಥೆ ಗೊತ್ತಾಗುತ್ತದೆ.

ಸಾಗುವಾನಿ ಲಾರಿ ಹತ್ತಬೇಕಾದರೆ ಅರಣ್ಯ ಇಲಾಖೆಯ ಪಾಸ್ ಬೇಕು. ಆ ಓಡಾಟ ಮುಗಿಯುವಾಗ ಭಾದ್ರಪದ ಬಂತು.

ಮೇಷ್ಟ್ರ ಹೊಸ ಮನೆಯ ಒಳಕೋಣೆಯಲ್ಲಿ ಹಲಗೆ ಪೇರಿಸಲು ನಾನೇ ಹೋಗಿದ್ದೆ. ನೆಲದಿಂದ ಒಂದು ಅಡಿ ಎತ್ತರ, ಯಾಕೆಂದರೆ ಹೊಸ ಮನೆಯ ಕಾಂಕ್ರೀಟ್ ನೆಲವೂ ತಿಂಗಳುಗಟ್ಟಲೆ ನೀರು ಬಿಡುತ್ತಿರುತ್ತದೆ. ಎರಡು ಹಲಗೆಯ ನಡುವೆ ಎರಡು ಅಡಿಗೊಂದು ರೀಪು, ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೆ. ಈ ನೇರ ತಪ್ಪಿದರೆ ಮೇಲಿನ ಭಾರಕ್ಕೆ ಹಲಗೆ ಅಲೆಯಾಗಿ ಒಣಗುತ್ತದೆ. ಎಲ್ಲಕ್ಕಿಂತ ಮೇಲೆ ಒಂದಿಷ್ಟು ಇಟ್ಟಿಗೆ. ಕಿಟಕಿ ತೆರೆದಿರಲಿ, ಬಿಸಿಲು ಮಾತ್ರ ನೇರ ಬೀಳಬಾರದು.

ಮೇಷ್ಟ್ರು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಗೊತ್ತುಮಾಡಿಕೊಂಡರು. ಭಾನುವಾರ ಭಾನುವಾರ ಇಬ್ಬರು ಹುಡುಗರಿಂದ ಹಲಗೆ ಹೊರಿಸಿಕೊಂಡು ಹೋಗಿ ತೂಗಿ ಫೋನ್ ಮಾಡುವುದು. ದಸರೆಯ ಹೊತ್ತಿಗೆ 9.20. ದೀಪಾವಳಿ ದಾಟುವಾಗ 9.06. ಮೊದಲು ಬೇಗ ಇಳಿದದ್ದು ಆಮೇಲೆ ನಿಧಾನವಾಯಿತು. ಒಳಗಿನ ನೀರು ಹೊರಗೆ ಬರಲು ಹೊತ್ತು ಬೇಕು, ಅವಸರ ಮಾಡಿದರೆ ಹೊರಗೆ ಬಿರುಕು. ಒಂದು ವಾರ ಇದ್ದಕ್ಕಿದ್ದ ಹಾಗೆ 9.09 ಅಂತ ಮೇಲೆ ಹೋಯಿತು. ಮೇಷ್ಟ್ರಿಗೆ ಗಾಬರಿ. ವಿಚಾರಿಸಿದರೆ ಆ ವಾರ ಅಲ್ಲಿ ಅಕಾಲ ಮಳೆ. ಆಚಾರ್ರು ನಕ್ಕು, "ಹಲಗೆಗೆ ಗೊತ್ತಾಗಿದೆ, ಕಿಟಕಿ ಹಾಕಿ" ಅಂದರು.

ಡಿಸೆಂಬರ್‌ನಲ್ಲಿ 8.97 ಅಂತ ಫೋನ್ ಬಂದಾಗ ನಾವು ಸಾಮಾನು ಕಟ್ಟಿಕೊಂಡು ಬಸ್ ಹತ್ತಿದೆವು.

ಮೊದಲು ಎಲ್ಲ ಹಲಗೆಯನ್ನು ಮತ್ತೆ ಓದಿದೆವು. ಎರಡು ನೇರ ಪಟ್ಟಿಗಳನ್ನು ಹಲಗೆಯ ಎರಡು ತುದಿಗೆ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ಒಂದರ ಮೇಲಂಚನ್ನು ಇನ್ನೊಂದರ ಜೊತೆ ಹೋಲಿಸುವುದು. ತಿರುಚಿದ್ದರೆ ತಕ್ಷಣ ಕಾಣುತ್ತದೆ. ನಾರು ಸ್ವಲ್ಪ ಓರೆ ಇದ್ದರೂ ಇರಲಿ ಅಂತ ಇಟ್ಟುಕೊಂಡಿದ್ದ ಒಂದು ಹಲಗೆ ಅರ್ಧ ಇಂಚು ತಿರುಚಿತ್ತು. ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಪ್ಯಾನೆಲ್ ಸುತ್ತಿನ ಪಟ್ಟಿಗೆ ಬಳಸಿದೆವು. ಶಾಯಿ ಹನಿ ನೆಟ್ಟಗೆ ಓಡಿದ್ದ ಕೀಲಿನ ಪಟ್ಟಿ ಮಾತ್ರ ಹೇಗಿತ್ತೋ ಹಾಗೇ ಇತ್ತು.

ಪ್ಯಾನೆಲ್ ಕೂರಿಸುವಾಗಲೂ ಲೆಕ್ಕ. ಪ್ಯಾನೆಲ್ ಅಗಲ ಹದಿನಾಲ್ಕು ಇಂಚಿನ ಹತ್ತಿರ. 12ರಿಂದ 8ಕ್ಕೆ ಇಳಿದರೆ ಒಂದು ನೂಲಿಗೆ ಸ್ವಲ್ಪ ಕಡಿಮೆ ಕುಗ್ಗುತ್ತದೆ, ಮಳೆಗಾಲದಲ್ಲಿ 16ಕ್ಕೆ ಏರಿದರೂ ಅಷ್ಟೇ ಹಿಗ್ಗುತ್ತದೆ. ಗ್ರೂವ್‌ನ ಆಳ ನಾಲ್ಕು ನೂಲು. ಪ್ಯಾನೆಲ್ ಒಳಗೆ ಹೋಗುವುದು ಮೂರು ನೂಲು, ಒಂದು ನೂಲು ಖಾಲಿ, ಎರಡೂ ಕಡೆ. ಗ್ರೂವ್‌ಗೆ ಅಂಟು ಹಾಕಬಾರದು. ಅಂಟು ಹಾಕಿದರೆ ಪ್ಯಾನೆಲ್ ಕುಗ್ಗಲು ಆಗದೆ ನಡುವೆ ಸೀಳುತ್ತದೆ. ಇನ್ನೊಂದು ವಿಷಯ, ಪ್ಯಾನೆಲ್‌ಗೆ ಪಾಲಿಶ್ ಜೋಡಿಸುವ ಮೊದಲೇ ಆಗಬೇಕು, ಅಂಚಿನವರೆಗೂ. ಜೋಡಿಸಿದ ಮೇಲೆ ಹೊಡೆದರೆ ಬೇಸಿಗೆಯಲ್ಲಿ ಪ್ಯಾನೆಲ್ ಕುಗ್ಗಿದಾಗ ಪಾಲಿಶ್ ಕಾಣದ ಒಂದು ಬೋಳು ಗೆರೆ ಅಂಚಲ್ಲಿ ಹೊರಗೆ ಬರುತ್ತದೆ. ನೋಡಿದವರೆಲ್ಲ ಬಾಗಿಲು ಬಿಟ್ಟುಕೊಂಡಿದೆ ಅಂತಾರೆ.

ಬಾಗಿಲಿನ ಮೇಲಂಚಿಗೆ, ಕೆಳ ಅಂಚಿಗೆ ಪಾಲಿಶ್ ಹೊಡೆದದ್ದು ನಾನು. ಅಲ್ಲಿ ಯಾರೂ ನೋಡುವುದಿಲ್ಲ. ಆದರೆ ನಿಲುವು ಪಟ್ಟಿಯ ನಾರಿನ ಬಾಯಿ ತೆರೆದಿರುವುದು ಅಲ್ಲೇ, ನೀರು ಒಳಗೆ ಹೋಗಲು ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಹೊಸಿಲು ತೊಳೆದ ನೀರು ದಿನಾ ಅಲ್ಲಿಗೇ ಸಿಡಿಯುತ್ತದೆ.

ಮೇ ತಿಂಗಳಲ್ಲಿ ಮೇಷ್ಟ್ರ ಫೋನ್ ಬಂತು. ಬಾಗಿಲಿನ ಸುದ್ದಿ ಕೇಳಿದರೆ, ಬೀಗದ ಕಡೆ ಸಂದಿ ಒಂದು ಕೂದಲಷ್ಟು ಜಾಸ್ತಿಯಾಗಿದೆ, ಪ್ಯಾನೆಲ್ ಅಂಚಲ್ಲಿ ಬೋಳು ಗೆರೆ ಇಲ್ಲ ಅಂದರು. ಅವರು ಫೋನ್ ಮಾಡಿದ್ದು ಬೇರೆ ಕಡೆ ಮಾಡಿಸಿದ್ದ ಹಿತ್ತಲ ಬಾಗಿಲಿನ ವಿಷಯಕ್ಕೆ. ಅದು ಸಂದಿ ಬಿಟ್ಟು ಹೊರಗಿನ ಬೆಳಕು ಕಾಣುತ್ತಿತ್ತಂತೆ. "ಇದನ್ನೂ ನೀವ ಮಾಡಿಕೊಡ್ರಿ. ಕಟ್ಟಿಗಿ ಯಾವಾಗ ಕಳಸ್ತೀರಿ?" ಅಂತ ಕೇಳಿದರು. ಆಚಾರ್ರು ನನಗೆ ಅಟ್ಟ ಹತ್ತಲು ಕೈ ಮಾಡಿದರು. ಮಳೆ ಹಿಡಿಯಲು ಇನ್ನೂ ಎರಡು ವಾರ ಇತ್ತು, ಅಷ್ಟರೊಳಗೆ ಲಾರಿ ಹೋದರೆ ಅಲ್ಲಿ ಅಷ್ಟು ಕಡಿಮೆ ಭಾನುವಾರ ತೂಗಿದರೆ ಸಾಕು.